ಡ್ರೈವ್ ಹಾಕಿದ ಮೇಲೆ ಬೇರಿಂಗ್ ಪದೇ ಪದೇ ಹೋಗ್ತಿದೆ

"ಸರ್, ಕಾರಟಗಿಯಲ್ಲಿ ನಮ್ಮ ರೈಸ್ ಮಿಲ್. 37 ಕಿಲೋವ್ಯಾಟ್ ಬ್ಲೋವರ್ ಮೋಟರಿಗೆ ವೇಗ ಬದಲಿಸುವ ಡ್ರೈವ್ ಹಾಕಿಸಿದಾಗಿನಿಂದ ನಾಲ್ಕೈದು ತಿಂಗಳಿಗೊಮ್ಮೆ ಬೇರಿಂಗ್ ಹೋಗ್ತಿದೆ. ಗೇರ್ ಕಪ್ಲಿಂಗ್, ಅಲೈನ್‌ಮೆಂಟ್ ಸರಿ ಇದೆ, ಗ್ರೀಸ್ ಹೊಸದು, ಅರ್ಥ್ 1 ಓಮ್‌ಗಿಂತ ಕಡಿಮೆ. ಇನ್ನೇನು ನೋಡಬೇಕು?"

ಬಿಚ್ಚಿದ ಬೇರಿಂಗ್ ಗುಜರಿಗೆ ಹಾಕಬೇಡಿ. ಹೊರ ರಿಂಗನ್ನು ಕಟಿಂಗ್ ವೀಲಿನಿಂದ ಎರಡು ಹೋಳು ಮಾಡಿ, ಡೀಸೆಲ್‌ನಲ್ಲಿ ತೊಳೆದು, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಗುಂಡು ಓಡುವ ದಾರಿ ನೋಡಿ. ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ, ಒಂದೇ ಅಂತರದಲ್ಲಿ ಬೂದು ಗೆರೆಗಳು ಅಡ್ಡ ಬಿದ್ದಿದ್ದು, ಉಗುರು ಎಳೆದರೆ ಕರಕರ ಅಂದರೆ ಅದೇ ಫ್ಲೂಟಿಂಗ್. ಅಲ್ಲಿ ಗ್ರೀಸೂ ಸುಟ್ಟು ಕಪ್ಪಾಗಿರುತ್ತದೆ. ಗುರುತುಗಳು ಗುಂಡಿನಿಂದ ಗುಂಡಿಗಿರುವಷ್ಟು ದೂರ ದೂರ ಇದ್ದರೆ ಕಥೆ ಬೇರೆ: ನಿಂತ ಮೋಟರಿಗೆ ಪಕ್ಕದ ಮಷಿನ್ನಿನ ಅದುರು ತಗುಲಿದೆ.

ಫ್ಲೂಟಿಂಗ್ ಆಗಿದ್ದರೆ ಶಾಫ್ಟಿನಲ್ಲಿ ಕರೆಂಟ್ ಹರಿಯುತ್ತಿದೆ. ಡ್ರೈವಿನ ಔಟ್‌ಪುಟ್ ನಯವಾದ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಸಲ ಜಿಗಿಯುವ ವೋಲ್ಟೇಜು. ಪ್ರತಿ ಜಿಗಿತಕ್ಕೂ ವೈಂಡಿಂಗ್‌ನಿಂದ ಬಾಡಿಗೂ ರೋಟರಿಗೂ ಒಂದಿಷ್ಟು ಕರೆಂಟ್ ಸೋರುತ್ತದೆ. ಅದು ಡ್ರೈವಿಗೇ ವಾಪಸ್ ಹೋಗಬೇಕು. ಸುಲಭದ ದಾರಿ ಸಿಗದಿದ್ದರೆ ಬೇರಿಂಗಿನ ಗ್ರೀಸ್ ಪದರ ಸೀಳಿ, ಶಾಫ್ಟಿಗೆ ಹತ್ತಿ, ನಿಮ್ಮ ಗೇರ್ ಕಪ್ಲಿಂಗ್ ದಾಟಿ ಬ್ಲೋವರ್ ಮೂಲಕ ಭೂಮಿಗಿಳಿಯುತ್ತದೆ. ಪ್ರತಿ ಕಿಡಿಗೂ ಉಕ್ಕು ಒಂದು ಚುಕ್ಕೆಯಷ್ಟು ಕರಗುತ್ತದೆ.

ನಿಮ್ಮನ್ನು ದಾರಿ ತಪ್ಪಿಸಿದ್ದು ಆ 1 ಓಮ್. ಅರ್ಥ್ ಟೆಸ್ಟರ್ ಅಳೆಯುವುದು ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಈ ಸೋರುವ ಕರೆಂಟ್ ಅದಕ್ಕಿಂತ ಬಹಳ ಮೇಲಿನ ಫ್ರೀಕ್ವೆನ್ಸಿಯದು. ಉದ್ದದ ಜಿಐ ಪಟ್ಟಿಗೆ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಹಿಡಿಯಿರಿ. 20 ಮೀಟರ್ ಪಟ್ಟಿ 1 ಮೆಗಾಹರ್ಟ್ಸ್‌ನಲ್ಲಿ 125 ಓಮ್ ತೋರಿಸುತ್ತದೆ. ಫಾಲ್ಟ್ ಬಂದಾಗ ಜೀವ ಉಳಿಸಲು ಆ ಪಟ್ಟಿ ಬೇಕೇ ಬೇಕು, ತೆಗೆಯಬೇಡಿ. ಈ ಕರೆಂಟಿಗೆ ಮಾತ್ರ ಅದು ಮುಚ್ಚಿದ ಬಾಗಿಲು.

ಮೊದಲು ಕೇಬಲ್ ನೋಡಿ. ಸಾಮಾನ್ಯವಾಗಿ ಮೂರೂವರೆ ಕೋರಿನ ಆರ್ಮರ್ಡ್ ಕೇಬಲ್ ಎಳೆದು, ಆರ್ಮರನ್ನು ಗ್ಲ್ಯಾಂಡ್ ಹತ್ತಿರ ಕತ್ತರಿಸಿ ಬಿಟ್ಟಿರುತ್ತಾರೆ. ಡ್ರೈವಿಗೆಂದೇ ಬರುವ, ಮೂರು ಅರ್ಥ್ ಕೋರ್ ಇರುವ ಶೀಲ್ಡೆಡ್ ಕೇಬಲ್ ಎಳೆಸಿ. ಎರಡೂ ತುದಿಯಲ್ಲಿ ಶೀಲ್ಡ್ ಸುತ್ತಲೂ ಗ್ಲ್ಯಾಂಡಿಗೆ ತಾಗಬೇಕು, ಜಡೆ ಹೆಣೆದು ಬೋಲ್ಟಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಮೋಟರ್ ಬಾಡಿಯಿಂದ ಬ್ಲೋವರ್ ಬೇಸಿಗೆ ಚಪ್ಪಟೆ ತಾಮ್ರದ ಹೆಣಿಗೆ ಪಟ್ಟಿ ಹಾಕಿ, ಅರ್ಧ ಮೀಟರ್ ಒಳಗೆ, ಪೇಂಟ್ ಕೆರೆದು.

ಶಾಫ್ಟಿನ ಕರೆಂಟನ್ನು ಬಾಡಿಗೆ ಇಳಿಸುವ ಶಾಫ್ಟ್ ಗ್ರೌಂಡಿಂಗ್ ರಿಂಗ್ ಆಮೇಲಿನ ಮಾತು. ಬಾಡಿಯ ದಾರಿ ಸರಿಮಾಡದೆ ರಿಂಗ್ ಕೂರಿಸಿದರೆ, ಬಾಡಿಯ ಕರೆಂಟಿಗೆ ಶಾಫ್ಟ್ ಏರಲು ನೀವೇ ಏಣಿ ಇಟ್ಟಂತೆ, ಮೋಟರ್ ಬದಲು ಬ್ಲೋವರ್ ಬೇರಿಂಗ್ ಹೋಗುತ್ತದೆ. ಕೇಬಲ್ ಕೆಲಸ ಮುಗಿದ ಮೇಲೆ ಮೋಟರಿನ ಕಪ್ಲಿಂಗ್ ಕಡೆಯ ಡ್ರೈವ್ ಎಂಡಿನಲ್ಲಿ ರಿಂಗ್ ಹಾಕಿಸಿ, ಡ್ರೈವಿನ ಜಿಗಿತದ ವೇಗವಾದ ಕ್ಯಾರಿಯರ್ ಫ್ರೀಕ್ವೆನ್ಸಿ 8 ಕಿಲೋಹರ್ಟ್ಸ್ ಇದ್ದರೆ 4ಕ್ಕಿಳಿಸಿ. ಮೋಟರ್ ಸ್ವಲ್ಪ ಕೂಗುತ್ತದೆ, ಕಿಡಿ ಕಡಿಮೆಯಾಗುತ್ತದೆ. ರಿಂಗಿನ ಎಳೆಗಳಿಗೆ ತೌಡಿನ ಧೂಳು ಮೆತ್ತಿಕೊಂಡರೆ ಅದು ಇದ್ದೂ ಇಲ್ಲದ ಹಾಗೆ. ರಿಂಗಿನ ಮುಂದೆ ರಬ್ಬರ್ ಸೀಲ್ ಇರಲಿ.