ಓಡುತ್ತಿರುವ ಫಂಡನ್ನು ಯಾಕೆ ಮಾರಬೇಕು?

"ಶೇರುಗಳ ಈಕ್ವಿಟಿ ಫಂಡ್‌ನಲ್ಲಿ 60%, ಸಾಲಪತ್ರಗಳ ಡೆಟ್ ಫಂಡ್‌ನಲ್ಲಿ 40% ಇಟ್ಟಿದ್ದೆ, ಈಗ ಈಕ್ವಿಟಿ 70 ಆಗಿದೆ. ಚೆನ್ನಾಗಿ ಓಡುತ್ತಿರುವುದನ್ನು ಮಾರಿ ಡೆಟ್‌ಗೆ ಯಾಕೆ ಹಾಕಬೇಕು?"

ನಿಮ್ಮದು ಒಟ್ಟು 10 ಲಕ್ಷ ಅಂದುಕೊಳ್ಳಿ. ಈಗ 1 ಲಕ್ಷದ ಈಕ್ವಿಟಿ ಮಾರಿದರೆ 6 ಮತ್ತು 4 ಆಗುತ್ತದೆ. ಬೆಲೆ ಏರಿದ್ದರಿಂದಲೇ ಅದು 70 ಆಗಿದ್ದು, ಅಂದರೆ ನೀವು ಮಾರುತ್ತಿರುವುದು ಏರಿದ ಬೆಲೆಗೇ, ಅಲ್ವಾ? ಮಾರುಕಟ್ಟೆ ಎಲ್ಲಿಗೆ ಹೋಗುತ್ತದೆ ಅಂತ ಊಹಿಸಬೇಕಾಗಿಯೇ ಇಲ್ಲ.

ಇನ್ನು 2020 ನೆನಪಿಸಿಕೊಳ್ಳಿ. ಜನವರಿಯ ಶಿಖರದಿಂದ ಮಾರ್ಚ್ 23ರ ಹೊತ್ತಿಗೆ ನಿಫ್ಟಿ ಸುಮಾರು 38% ಬಿದ್ದಿತ್ತು. ಹಾಗೆ ಬಿದ್ದರೆ ನಿಮ್ಮ 6 ಲಕ್ಷ 3.72 ಆಗುತ್ತದೆ, ಡೆಟ್ 4 ಹಾಗೇ ಇರುತ್ತದೆ, ಈಕ್ವಿಟಿ ಪಾಲು 48%ಕ್ಕೆ ಇಳಿಯುತ್ತದೆ. ಮತ್ತೆ 60ಕ್ಕೆ ತರಬೇಕಾದರೆ ಸುಮಾರು 91 ಸಾವಿರ ಡೆಟ್‌ನಿಂದ ತೆಗೆದು ಎಲ್ಲರೂ ಹೆದರಿ ಮಾರುತ್ತಿರುವ ದಿನ ಈಕ್ವಿಟಿ ಕೊಳ್ಳಬೇಕು. ನಿಜವಾದ ಕಷ್ಟ ಇಲ್ಲೇ ಇರೋದು. ಏರಿದಾಗ ಮಾರುವವರು ಸಿಗುತ್ತಾರೆ, ಬಿದ್ದಾಗ ಕೊಳ್ಳುವ ಅರ್ಧವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ.

ಆದರೆ ವರ್ಷಗಟ್ಟಲೆ ಏರುತ್ತಲೇ ಹೋದರೆ, ಮಾರದೆ ಬಿಟ್ಟವರಿಗೇ ಲಾಭ ಜಾಸ್ತಿ. ಅವರ ಅಪಾಯವೂ ಅಷ್ಟೇ ಜಾಸ್ತಿ.

ಪಾಲು ಹೀಗೆ ಸರಿಹೊಂದಿಸುವುದನ್ನು ಸುಮ್ನೆ ತಿಂಗಳು ತಿಂಗಳು ಮಾಡಬೇಡಿ, ಪಾಲು 5 ಅಂಶ ಆಚೀಚೆ ಆದಾಗ ಸಾಕು. ಮೊದಲು ಹೊಸ ಎಸ್‌ಐಪಿ ಹಣವನ್ನು ಡೆಟ್‌ಗೆ ತಿರುಗಿಸಿ, ಅದಕ್ಕೆ ತೆರಿಗೆ ಇಲ್ಲ. ಮಾರಲೇಬೇಕಾದರೆ ವರ್ಷ ದಾಟಿದ ಯೂನಿಟ್‌ಗಳನ್ನೇ ಮಾರಿ. ಈಕ್ವಿಟಿಯಲ್ಲಿ ಅಂಥ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲದೆ ಬರುತ್ತದೆ, ಅದರ ಮೇಲಿನದಕ್ಕೆ 12.5%.