‘ಇಲ್ಲ’ ಅನ್ನಿ, ಕಾರಣ ಹುಡುಕಬೇಡಿ

ಪ್ರಶ್ನೆ: ಕಾಲೇಜಿನಿಂದ ಜೊತೆಗಿರುವ ಗೆಳೆಯ ಹೋದ ವಾರ ಪ್ರಪೋಸ್ ಮಾಡಿದ. ನನಗೆ ಅವನ ಮೇಲೆ ಆ ಥರ ಮನಸ್ಸಿಲ್ಲ. ಏನು ಹೇಳಬೇಕೋ ತೋಚದೆ ‘ಸ್ವಲ್ಪ ಟೈಮ್ ಕೊಡು’ ಅಂದುಬಿಟ್ಟೆ. ಇಬ್ಬರೂ ಬೆಂಗಳೂರಲ್ಲೇ ಇದ್ದೇವೆ, ಒಂದೇ ಗ್ಯಾಂಗ್. ಬೇಜಾರಾಗದ ಹಾಗೆ ಇಲ್ಲ ಅನ್ನೋದು ಹೇಗೆ? ಸ್ನೇಹ ಉಳಿಯುತ್ತಾ?

ಬೇಜಾರಂತೂ ಆಗೇ ಆಗುತ್ತೆ. ಅದನ್ನು ತಪ್ಪಿಸೋಕೆ ನೋಡಬೇಡಿ. ಒಂದೇ ಸಲ ಆಗಿ ಮುಗಿಯಲಿ, ಕಂತು ಕಂತಾಗಿ ಬೇಡ. ನಿಮ್ಮ ಕೈಲಿರೋದು ಅಷ್ಟೇ.

ಮೊದಲು ಆ ‘ಟೈಮ್ ಕೊಡು’ ವಿಷಯ. ನಿಮಗೆ ಬೇಕಾಗಿದ್ದು ಆ ಹೊತ್ತಿಗೆ ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿ. ಅವನಿಗೆ ಕೇಳಿಸಿದ್ದು ‘ಯೋಚನೆ ಮಾಡ್ತಿದ್ದಾಳೆ’ ಅಂತ. ಈಗ ನೀವು ಕಳಿಸುವ ಒಂದೊಂದು ಸ್ಮೈಲಿಗೂ ಅವನು ಅರ್ಥ ಹುಡುಕುತ್ತಾ ಕೂತಿರುತ್ತಾನೆ. ಉತ್ತರ ನಿಮಗೆ ಆಗಲೇ ಗೊತ್ತಿದೆ, ಅಲ್ವಾ? ಹಾಗಾದರೆ ಈ ಭಾನುವಾರ ದಾಟಿಸಬೇಡಿ.

ಇನ್ನು ಏನು ಹೇಳೋದು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ನಮ್ಮ ಕಡೆ ‘ಇಲ್ಲ’ ಅನ್ನೋಕೆ ಒಂದಿಷ್ಟು ರೆಡಿ ಮಾತುಗಳಿವೆ: ಮನೆಯಲ್ಲಿ ಒಪ್ಪಲ್ಲ, ಜಾತಿ ಬೇರೆ, ಅಕ್ಕನ ಮದುವೆ ಆಗಬೇಕು, ಈಗ ಕೆರಿಯರ್ ಮೇಲೆ ಗಮನ. ಹೇಳುವವರಿಗೆ ಇವು ಮೆತ್ತಗೆ ಅನಿಸುತ್ತವೆ. ತಪ್ಪು ಅಪ್ಪ ಅಮ್ಮನ ಮೇಲೆ ಹೋಗುತ್ತೆ, ನಾವು ಕೆಟ್ಟವರಾಗಲ್ಲ. ಆದರೆ ಕೇಳುವವನಿಗೆ ಇವೆಲ್ಲ ಷರತ್ತುಗಳು. ಷರತ್ತು ಅಂದಮೇಲೆ ಅದನ್ನು ಪೂರೈಸಬಹುದು, ಇಲ್ಲ ಕಾಯಬಹುದು.

ನಾನು ವಿಜಯನಗರದ ಪಿಜಿಯಲ್ಲಿದ್ದಾಗ ನನ್ನ ರೂಂಮೇಟ್‌ಗೆ ಆಗಿದ್ದು ಇದೇ. ಅವಳ ಗೆಳೆಯ ಕೇಳಿದಾಗ ‘ನಮ್ಮನೇಲಿ ಬೇರೆ ಜಾತಿ ಅಂದ್ರೆ ಒಪ್ಪೋದೇ ಇಲ್ಲ ಕಣೋ’ ಅಂದಳು. ಅವನು ಒಂದು ಮಾತೂ ಎದುರಾಡಲಿಲ್ಲ. ಎಷ್ಟು ಚೆನ್ನಾಗಿ ತಗೊಂಡ ಅಂತ ಇವಳಿಗೆ ಖುಷಿ. ಸ್ನೇಹ ಮೊದಲಿನ ಹಾಗೇ ನಡೆಯಿತು: ಊರಿಗೆ ಹೊರಟರೆ ಮೆಜೆಸ್ಟಿಕ್‌ವರೆಗೆ ಡ್ರಾಪ್, ಜ್ವರ ಬಂದರೆ ಗಂಜಿ, ರಾತ್ರಿ ಫೋನು. ಆಮೇಲೆ ಅವಳ ಅಕ್ಕ ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಳು. ಮನೆಯಲ್ಲಿ ಒಂದಷ್ಟು ದಿನ ರಂಪ ಆಯಿತು, ಕೊನೆಗೆ ಒಪ್ಪಿದರು. ಛತ್ರದಲ್ಲಿ ಊಟದ ಪಂಕ್ತಿಗೆ ಓಡಾಡಿ ಬಡಿಸಿದವನು ಇದೇ ಹುಡುಗ. ಅವತ್ತು ರಾತ್ರಿಯೇ ಫೋನ್ ಬಂತು: ‘ಈಗ ನಮ್ಮ ವಿಷಯ ಮಾತಾಡಬಹುದಲ್ಲ?’

ಆಗ ಅವಳು ನಿಜ ಹೇಳಬೇಕಾಯಿತು. ಅವಳು ಬೇಡ ಅಂದಿದ್ದಕ್ಕೆ ಅವನು ಅಷ್ಟು ಸಿಟ್ಟಾಗಲಿಲ್ಲ. ‘ಇದನ್ನ ಅವತ್ತೇ ಹೇಳಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?’ ಅಂತ ಕೇಳಿದ. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಆ ಸ್ನೇಹ ಅಲ್ಲಿಗೆ ಮುಗಿಯಿತು.

ಇದು ಅವರಿಬ್ಬರದೇ ಕಥೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕಡೆಯ ಪ್ರೀತಿಯಲ್ಲಿ ಪ್ರೀತಿಸಿದವರ ಅನುಭವವನ್ನೂ ಬೇಡ ಅಂದವರ ಅನುಭವವನ್ನೂ ಬರೆಸಿಕೊಂಡಿದ್ದರು. ಪ್ರೀತಿಸಿದವರು ‘ನನ್ನಲ್ಲಿ ಆಸೆ ಹುಟ್ಟಿಸಿದರು, ಬೇಡ ಅಂತ ಸರಿಯಾಗಿ ಹೇಳಲೇ ಇಲ್ಲ’ ಅಂತ ಬರೆದಿದ್ದರು. ಬೇಡ ಅಂದವರಲ್ಲಿ ಎದ್ದು ಕಂಡಿದ್ದು ತಪ್ಪಿತಸ್ಥ ಭಾವನೆ, ಜೊತೆಗೆ ಇಂಥ ಹೊತ್ತಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದೇ ಗೊತ್ತಾಗದ ಒದ್ದಾಟ. ನೋಡಿ, ಹುಡುಗಿಯ ಹಿಂದೆ ಬೀಳೋದು ಹೇಗೆ ಅಂತ ಸಿನಿಮಾದವರು ಬೇಕಾದಷ್ಟು ಕಲಿಸಿದ್ದಾರೆ. ಮರ್ಯಾದೆಯಿಂದ ಬೇಡ ಅನ್ನೋದು ಹೇಗೆ ಅಂತ ಯಾರೂ ಕಲಿಸಿಲ್ಲ.

ನನಗೂ ಒಬ್ಬ ಗೆಳೆಯ ಹೀಗೇ ಪ್ರಪೋಸ್ ಮಾಡಿದ್ದ. ಆಗ ರೂಂಮೇಟ್ ಕಥೆ ನನ್ನ ತಲೆಯಲ್ಲಿತ್ತು. ಹಾಗಾಗಿ ಕಾರಣ ಕೊಡಬಾರದು ಅಂತ ಗಟ್ಟಿ ಮಾಡಿಕೊಂಡೇ ಹೋದೆ. ಸಿಕ್ಕಿದ್ದು ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ, ಬೆಳಗ್ಗೆ. ಜಾಗದ ಬಗ್ಗೆ ಒಂದು ಮಾತು. ಅವನ ಬೈಕ್ ಹಿಂದೆ ಕೂತು ಹೇಳಬೇಡಿ, ಅವನ ಕಾರಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲಂತೂ ಬೇಡವೇ ಬೇಡ. ಇಲ್ಲ ಅನಿಸಿಕೊಂಡವನು ಆಮೇಲೆ ನಿಮ್ಮನ್ನು ಮನೆ ತನಕ ಬಿಡಬೇಕಾದ ಕಷ್ಟ ಯಾಕೆ? ಇಬ್ಬರೂ ಬೇರೆ ಬೇರೆ ಬರಬೇಕು, ಯಾರು ಬೇಕಾದರೂ ಯಾವಾಗ ಬೇಕಾದರೂ ಎದ್ದು ಹೋಗುವಂತಿರಬೇಕು. ಅವನು ಮೆಸೇಜಿನಲ್ಲೇ ಕೇಳಿದ್ದರೆ ನೀವೂ ಮೆಸೇಜಿನಲ್ಲೇ ಹೇಳಬಹುದು, ಅದರಲ್ಲಿ ತಪ್ಪೇನಿಲ್ಲ. ಅವನ ಮುಖ ಸಣ್ಣಗಾಗೋದನ್ನು ಯಾರೂ ನೋಡಬೇಕಾಗಿಲ್ಲ.

ಮಾತು ಹೆಚ್ಚು ಕಮ್ಮಿ ಹೀಗಿತ್ತು: ‘ನೀನು ಕೇಳಿದ್ದನ್ನ ಯೋಚನೆ ಮಾಡಿದೆ. ನನಗೆ ನಿನ್ನ ಮೇಲೆ ಆ ಥರ ಮನಸ್ಸಿಲ್ಲ ಕಣೋ. ಮುಂದೆ ಬರುತ್ತೆ ಅಂತಾನೂ ಅನಿಸ್ತಿಲ್ಲ. ನೀನು ಕಾಯ್ತಾ ಇರಬಾರದು ಅಂತ ಈಗಲೇ ಹೇಳ್ತಿದ್ದೀನಿ.’ ಇದರಲ್ಲಿ ‘ಮುಂದೆ’ ಅನ್ನುವ ಭಾಗ ಬಿಡಬೇಡಿ. ಹೇಳೋಕೆ ಕಷ್ಟ ಅದೇ. ಬಿಟ್ಟರೆ ಈಗ ಇಲ್ಲ, ಆಮೇಲೆ ನೋಡೋಣ ಅಂತ ಆಗುತ್ತೆ.

‘ಯಾಕೆ? ನನ್ನಲ್ಲಿ ಏನು ಕಮ್ಮಿ?’ ಅಂದ. ಈ ಪ್ರಶ್ನೆ ಬಂದೇ ಬರುತ್ತೆ. ಇಲ್ಲಿ ಕರುಣೆ ಬಂದು ಏನೋ ಒಂದು ಕಾರಣ ಹುಟ್ಟಿಸಿದರೆ ಮತ್ತೆ ಅದೇ ಕಥೆ. ನಾನಂದೆ, ‘ಕಮ್ಮಿ ಏನಿಲ್ಲ. ಇಂಥದ್ದು ಅಂತ ಕಾರಣ ಇದ್ದಿದ್ರೆ ಹೇಳ್ತಿದ್ದೆ. ಆ ಥರ ಅನಿಸಿಲ್ಲ, ಅಷ್ಟೇ.’ ‘ಬೇರೆ ಯಾರಾದರೂ ಇದ್ದಾರಾ?’ ಅಂತಲೂ ಕೇಳಬಹುದು. ಇದ್ದರೂ, ಇಲ್ಲದಿದ್ದರೂ, ಅದನ್ನು ಕಾರಣ ಮಾಡಬೇಡಿ. ನಾಳೆ ಆ ‘ಬೇರೆಯವನು’ ಇಲ್ಲ ಅಂತಾದರೆ ಬಾಗಿಲು ತೆರೆಯಿತು ಅಂದುಕೊಳ್ಳುತ್ತಾನೆ. ‘ನೀನು ತುಂಬಾ ಒಳ್ಳೆಯವನು, ನಿನಗೆ ನನಗಿಂತ ಒಳ್ಳೆ ಹುಡುಗಿ ಸಿಗ್ತಾಳೆ’ ಅನ್ನೋದೂ ಬೇಡ. ಅದನ್ನು ಕೇಳಿ ಸಮಾಧಾನ ಆದ ಒಬ್ಬರನ್ನೂ ನಾನು ಕಂಡಿಲ್ಲ.

ಇನ್ನೊಂದು. ‘ಫ್ರೆಂಡ್ಸ್ ಆಗೇ ಇರೋಣ, ಸರೀನಾ?’ ಅಂತ ಅಲ್ಲೇ ಕೇಳಿ ಹೂಂ ಅನ್ನಿಸಿಕೊಳ್ಳೋಕೆ ಹೋಗಬೇಡಿ. ಪಾಪ, ಅವನಿಗೆ ಆಗಲೇ ಗಂಟಲು ಕಟ್ಟಿರುತ್ತೆ. ಹೂಂ ಅಂದರೆ ಸುಳ್ಳು, ಉಹೂಂ ಅಂದರೆ ಕೆಟ್ಟವನು. ನಿಮ್ಮ ಕಡೆಯದನ್ನು ಹೇಳಿ ಬಿಟ್ಟುಬಿಡಿ: ‘ನಿನ್ನ ಸ್ನೇಹ ನನಗೆ ಬೇಕು. ಆದರೆ ಅದಕ್ಕೆ ಇವತ್ತೇ ಏನೂ ಹೇಳಬೇಡ. ನಿನಗೆ ಸರಿ ಅನಿಸಿದಾಗ ಮೆಸೇಜ್ ಮಾಡು, ನಾನಾಗಿ ಮಾಡಲ್ಲ.’ ಗ್ಯಾಂಗಿನ ವಿಷಯವನ್ನೂ ಅವತ್ತೇ ಮುಗಿಸಿ. ‘ನಾನು ಯಾರಿಗೂ ಹೇಳಲ್ಲ. ನಿನಗೆ ಹೇಳಿಕೊಳ್ಳಬೇಕು ಅನಿಸಿದರೆ ನೀನು ಹೇಳು’ ಅಂದರೆ ಸಾಕು. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತೆ ಅನ್ನುವ ಭಯಕ್ಕೇ ಎಷ್ಟೋ ಹುಡುಗರು ಗ್ರೂಪ್ ಬಿಟ್ಟು ಹೋಗುತ್ತಾರೆ.

ನಿಜವಾದ ಕೆಲಸ ಶುರುವಾಗೋದು ಇದಾದ ಮೇಲೆ. ಎಲ್ಲಾ ಮೊದಲಿನ ಹಾಗೇ ಇರಲಿ ಅಂತ ನಿಮಗೆ ಆಸೆ ಇರುತ್ತೆ. ಇರಬಾರದು. ನಿಮ್ಮಿಬ್ಬರ ದಿನಚರಿಯಲ್ಲಿ ಜೋಡಿಗಳು ಮಾಡುವಂಥದ್ದು ಯಾವುದಿದೆ ಅಂತ ನೋಡಿ, ಅದನ್ನು ನಿಲ್ಲಿಸಿ. ನಮ್ಮದರಲ್ಲಿ ಅದು ಮಲಗುವ ಮುಂಚಿನ ಫೋನು ಮತ್ತು ಬನಶಂಕರಿಯಿಂದ ಬೈಕಿನಲ್ಲಿ ಡ್ರಾಪ್. ಎರಡನ್ನೂ ಬಿಟ್ಟೆ, ಮೆಟ್ರೋ ಹಿಡಿದೆ. ಗ್ಯಾಂಗಿನ ಜೊತೆ ಭಾನುವಾರದ ದೋಸೆ ಮುಂದುವರಿಯಿತು. ಅವನು ಕೆಲವು ವಾರ ಬರಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ. ಹಾಗಂತ ಇದ್ದಕ್ಕಿದ್ದಂತೆ ಅವನನ್ನು ‘ಅಣ್ಣ’ ಅನ್ನೋಕೆ ಶುರು ಮಾಡೋದು, ರಾಖಿ ಕಟ್ಟೋದು, ದಯವಿಟ್ಟು ಬೇಡ. ನೀವು ಬೇಡ ಅಂದಿದ್ದನ್ನು ಅವನು ಒಪ್ಪಿಯಾಗಿದೆ. ಮತ್ತೆ ಅದರ ಮೇಲೆ ಸೀಲ್ ಯಾಕೆ?

ನಮ್ಮಲ್ಲಿ ಮೊದಲ ಮೆಸೇಜ್ ಬಂದಿದ್ದು ಅಡ್ವಾನ್ಸ್ ವಿಷಯಕ್ಕೆ. ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದರಂತೆ. ‘ನಿನ್ನ ಅಗ್ರಿಮೆಂಟಲ್ಲಿ ಇದಕ್ಕೆ ಏನಂತ ಬರೆದಿದೆ, ಫೋಟೋ ಕಳಿಸ್ತೀಯಾ?’ ಅಂತ ಕೇಳಿದ. ಆ ಪುಟದ ಫೋಟೋ ಕಳಿಸಿದೆ. ಹೇಗಿದ್ದೀಯಾ, ಕೋಪಾನಾ ಅಂತ ಸೇರಿಸಲಿಲ್ಲ. ಸಣ್ಣ ಕೆಲಸದ ಮಾತಿನಿಂದಲೇ ದಾರಿ ಮತ್ತೆ ಶುರುವಾಗುತ್ತೆ. ಮನಸ್ಸು ಬಿಚ್ಚಿ ಮಾತಾಡೋಣ ಬಾ ಅಂತ ಕರೆದರೆ ಮುಚ್ಚಿಹೋಗುತ್ತೆ.

ಮಧ್ಯೆ ಒಂದು ಸಲ ‘ಈಗಲೂ ಹಾಗೇನಾ?’ ಅಂತ ಕೇಳಿದ. ‘ಹೂಂ, ಈಗಲೂ ಹಾಗೇ’ ಅಂದೆ. ಎರಡನೇ ಸಲ ಕೇಳೋದು ಸಹಜ, ಅದೇ ಮಾತು ಹೇಳಿ, ಹೊಸ ಕಾರಣ ಬೇಡ. ಆದರೆ ಕೇಳುತ್ತಲೇ ಇದ್ದರೆ, ‘ನಿನಗೋಸ್ಕರ ಎಷ್ಟೆಲ್ಲ ಮಾಡಿದೆ’ ಅಂತ ಲೆಕ್ಕ ತೆಗೆದರೆ, ನೀವು ಎಲ್ಲಿದ್ದೀರಿ ಅಂತ ಗೆಳತಿಯರ ಹತ್ತಿರ ವಿಚಾರಿಸಿದರೆ, ಉಳಿಸಿಕೊಳ್ಳೋಕೆ ಅಲ್ಲಿ ಸ್ನೇಹ ಇಲ್ಲ. ಸ್ಪಷ್ಟವಾಗಿ ಬೇಡ ಅಂದಮೇಲೂ ಹುಡುಗಿಯ ಬೆನ್ನು ಬಿದ್ದು ಪದೇ ಪದೇ ಸಂಪರ್ಕಿಸೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಅಷ್ಟಕ್ಕೆ ಹೋದರೆ ಮೆಸೇಜ್ ಅಳಿಸಬೇಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಸ್ನೇಹ ಉಳೀತಾ ಇಲ್ವಾ ಅನ್ನೋದು ಹೇಗೆ ಗೊತ್ತಾಗುತ್ತೆ? ನಿಮ್ಮ ಮೇಲೆ ಮೊದಲಿನ ಹಾಗೆ ರೇಗಿದರೆ ಒಳ್ಳೆಯದು, ಜಾಸ್ತಿ ನಯವಾಗಿದ್ದರೆ ಇನ್ನೂ ಹೊತ್ತು ಬೇಕು ಅಂತ. ಇನ್ನೊಂದು ಗುರುತು ಸ್ವಲ್ಪ ಮೋಸದ್ದು. ‘ಅಮ್ಮ ಹುಡುಗಿ ಫೋಟೋ ಕಳಿಸಿದ್ದಾರೆ, ನೋಡು’ ಅಂತ ಕಳಿಸುತ್ತಾನೆ. ಶುರುವಿನಲ್ಲಿ ಬಂದರೆ ಅದು ನಿಮಗೆ ಹೊಟ್ಟೆಕಿಚ್ಚು ಆಗುತ್ತಾ ಅಂತ ನೋಡೋಕೆ. ‘ಒಳ್ಳೆಯದಾಯ್ತು, ಮಾತಾಡು’ ಅಂತ ಹೇಳಿ ಸುಮ್ನಿರಿ, ಹುಡುಗಿ ಬಗ್ಗೆ ಅಭಿಪ್ರಾಯ ಕೊಡಬೇಡಿ. ನನ್ನ ಗೆಳೆಯನೂ ಹೀಗೆ ಒಮ್ಮೆ ಕಳಿಸಿ, ನಾನು ಏನು ಬರೆಯುತ್ತೇನೆ ಅಂತ ಕಾಯುತ್ತಾ ಆನ್‌ಲೈನ್‌ನಲ್ಲೇ ಇದ್ದ. ಬಹಳ ದಿನ ಆದಮೇಲೆ ಇನ್ನೊಂದು ಫೋಟೋ ಬಂತು. ಈ ಸಲ ಅವನು ಕೇಳಿದ್ದು, ಹುಡುಗಿ ನೋಡೋಕೆ ಹೋಗುವಾಗ ಫಾರ್ಮಲ್ ಶರ್ಟ್ ಹಾಕಬೇಕಾ ಅಂತ.