ನಿಫಾ ಮತ್ತು ಸ್ಕ್ಯಾನಿಂಗ್ ಕೋಣೆಯ ಹೊರಗಿನ ಕಾರಿಡಾರ್

"ನಮ್ಮೂರ ಆಲದ ಮರದಲ್ಲಿ ಸಾವಿರಾರು ಬಾವಲಿ ಇವೆ, ಯಾರಿಗೂ ಏನೂ ಆಗಿಲ್ಲ. ಹಾಗಿದ್ದರೆ ಕೇರಳದಲ್ಲಿ ಒಬ್ಬನಿಂದ ಅಷ್ಟು ಜನಕ್ಕೆ, ಅದೂ ಆಸ್ಪತ್ರೆಯಲ್ಲೇ, ನಿಫಾ ಹೇಗೆ ಹಬ್ಬಿತು?"

ನಾನು ಕರಾವಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಸೋಂಕು ಹರಡದಂತೆ ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ನಿಮ್ಮೂರಲ್ಲಿ ಏನೂ ಆಗದಿರುವುದು ಅಚ್ಚರಿಯೇನಲ್ಲ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ನಿಫಾ ವೈರಸ್ ಇದ್ದರೂ ಅವಕ್ಕೆ ಕಾಯಿಲೆ ಬರುವುದಿಲ್ಲ. ಎಲ್ಲ ಬಾವಲಿಗಳೂ ಸದಾ ವೈರಸ್ ಹೊರಹಾಕುವುದೂ ಇಲ್ಲ. ಹಾಕಿದರೂ ಅವುಗಳ ಎಂಜಲು ಅಥವಾ ಮೂತ್ರ ನಮ್ಮ ಬಾಯಿಗೆ ಹಸಿಯಾಗಿಯೇ ಬಂದು ಸೇರಬೇಕು. ಅದು ಅಪರೂಪ.

ಬಾಂಗ್ಲಾದೇಶದಲ್ಲಿ ಇದಕ್ಕೊಂದು ನೇರ ದಾರಿಯೇ ಇದೆ. ಅಲ್ಲಿ ಚಳಿಗಾಲದ ಸಂಜೆ ಖರ್ಜೂರ ಜಾತಿಯ ಈಚಲು ಮರದ ಮೈ ಕೆತ್ತಿ, ರಾತ್ರಿಯಿಡೀ ರಸ ಇಳಿಯಲಿ ಅಂತ ಮಡಕೆ ಕಟ್ಟುತ್ತಾರೆ. ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟು ನೋಡಿದಾಗ, ಬಾವಲಿಗಳು ಬಂದು ಆ ಕೆತ್ತಿದ ಜಾಗವನ್ನೇ ನೆಕ್ಕುತ್ತಿದ್ದವು. ಬೆಳಗಿನ ಜಾವ ಆ ರಸವನ್ನು ಜನ ತಣ್ಣಗೆ ಹಾಗೇ ಕುಡಿಯುತ್ತಾರೆ. ಅದನ್ನೇ ಕಾಯಿಸಿ ಬೆಲ್ಲ ಮಾಡಿದರೆ ವೈರಸ್ ಉಳಿಯುವುದಿಲ್ಲ. ಕೆತ್ತಿದ ಜಾಗಕ್ಕೆ ಬಿದಿರಿನ ತಟ್ಟಿ ಸುತ್ತಿದರೂ ಬಾವಲಿಯ ಬಾಯಿ ರಸಕ್ಕೆ ತಾಗುವುದು ಬಹುಪಾಲು ತಪ್ಪುತ್ತದೆ.

ಇಷ್ಟರ ಮೇಲೆ ಮನುಷ್ಯನಿಗೆ ಬಂದ ನಿಫಾ ಮುಂದಕ್ಕೆ ಹರಡುವುದರಲ್ಲಿ ತೀರಾ ಹಿಂದೆ. ಬಾಂಗ್ಲಾದೇಶದಲ್ಲಿ 2001ರಿಂದ 2014ರವರೆಗಿನ 248 ರೋಗಿಗಳ ಲೆಕ್ಕ ಹಾಕಿದಾಗ, ಇನ್ನೊಬ್ಬ ರೋಗಿಯಿಂದ ಸೋಂಕು ತಗುಲಿದವರು 82 ಮಂದಿ. ಅಂದರೆ ಸರಾಸರಿ ಮೂವರು ರೋಗಿಗಳಿಂದ ಒಬ್ಬರಿಗೆ. ಇಂಥ ಸರಪಳಿ ತಾನಾಗಿಯೇ ತುಂಡಾಗಬೇಕು. ಆದರೆ ಈ ಸರಾಸರಿ ನಂಬಿ ಕೂತರೆ ಕೆಡುತ್ತೇವೆ. ಹೆಚ್ಚಿನ ರೋಗಿಗಳು ಯಾರಿಗೂ ಹರಡುವುದಿಲ್ಲ, ಕೆಲವೇ ಕೆಲವರು ಹಲವರಿಗೆ ಹರಡುತ್ತಾರೆ. ಅವರು ಯಾರು ಅಂದರೆ ಉಸಿರಾಟದ ತೊಂದರೆ ಇರುವವರು. ಕೆಮ್ಮು, ಏದುಸಿರು, ಬಾಯಲ್ಲಿ ನೊರೆ, ಪ್ರಜ್ಞೆ ತಪ್ಪುತ್ತಿರುವ ಸ್ಥಿತಿ. ಅಂಥವರನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅವರು ಅತಿ ಹೆಚ್ಚು ವೈರಸ್ ಉಗುಳುವ ಹೊತ್ತೂ ಆಸ್ಪತ್ರೆ ಸೇರುವ ಹೊತ್ತೂ ಒಂದೇ.

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಜಿಲ್ಲೆಯಲ್ಲಿ ಆದದ್ದು ಇದೇ. ಪೇರಾಂಬ್ರ ಕಡೆಯ ಯುವಕನೊಬ್ಬ ಜ್ವರದಿಂದ ತಾಲೂಕು ಆಸ್ಪತ್ರೆ ಸೇರಿದ. ಅಲ್ಲಿಂದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸಿದರು. ಮಿದುಳಿನ ಸಿ.ಟಿ. ಸ್ಕ್ಯಾನ್‌ಗೆಂದು ಕರೆದೊಯ್ದಾಗ ಕೆಮ್ಮುತ್ತಲೇ ಕಾರಿಡಾರ್‌ನಲ್ಲಿದ್ದ. ಮೇ 5ರಂದು ತೀರಿಕೊಂಡ. ಬಾವಲಿಯಿಂದ ಅವನಿಗೆ ಹೇಗೆ ತಗುಲಿತು ಎಂಬುದು ಕೊನೆಗೂ ಪತ್ತೆಯಾಗಲಿಲ್ಲ.

ಅಂಥ ಕಾರಿಡಾರ್ ನಾನು ದಿನಾ ನೋಡುತ್ತೇನೆ. ಗೋಡೆಗೆ ಒತ್ತಿಕೊಂಡು ಮೂರ್ನಾಲ್ಕು ಸ್ಟ್ರೆಚರ್, ಪ್ರತಿಯೊಂದರ ಪಕ್ಕ ಇಬ್ಬಿಬ್ಬರು ಕಡೆಯವರು. ಒಬ್ಬರು ಡ್ರಿಪ್ ಬಾಟಲಿ ಎತ್ತಿ ಹಿಡಿದಿದ್ದರೆ, ಇನ್ನೊಬ್ಬರು ಸೆರಗಿನಲ್ಲೇ ರೋಗಿಯ ಬಾಯಿ ಒರೆಸಿ, ಅದೇ ಕೈಯಲ್ಲಿ ತಮ್ಮ ಮುಖ ಒರೆಸಿಕೊಳ್ಳುತ್ತಾರೆ. ಕೈತೊಳೆಯುವ ನಲ್ಲಿ ಎಲ್ಲೋ ಆಚೆ ತುದಿಯಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ವಾಂತಿ ಬಳಿಯುವುದು ಹೆಚ್ಚಾಗಿ ಮನೆಯವರ ಕೈಯಲ್ಲೇ ನಡೆಯುತ್ತದೆ. ನರ್ಸ್‌ಗೆ ಗ್ಲೌಸ್ ಕೊಡುತ್ತೇವೆ, ಮಗನನ್ನು ಆರೈಕೆ ಮಾಡುತ್ತಾ ಕೂತ ತಾಯಿಗೆ ಏನೂ ಕೊಡುವುದಿಲ್ಲ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಸೋಂಕು ತಗುಲಿದ ಮೇಲೆ ಜ್ವರ ಬರಲು ಕೋಳಿಕ್ಕೋಡ್‌ನಲ್ಲಿ 6ರಿಂದ 14 ದಿನ ಹಿಡಿಯಿತು. ಹಾಗಾಗಿ ಮೊದಲ ಯುವಕ ತೀರಿಕೊಂಡ ಮೇಲೆ ಕೆಲವು ದಿನ ಎಲ್ಲವೂ ಮುಗಿದಂತೆಯೇ ಕಂಡಿತು. ಆಮೇಲೆ ಅವನ ಅಣ್ಣನೂ ಅದೇ ರೀತಿ ಮಲಗಿದಾಗ, ಒಂದೇ ಮನೆಯಲ್ಲಿ ಇಬ್ಬರಿಗೆ ಮಿದುಳು ಜ್ವರ ಹೇಗೆ ಅಂತ ವೈದ್ಯರಿಗೆ ಅನುಮಾನ ಬಂತು. ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂದವು, ನಿಫಾ ಗೊತ್ತಾಯಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು. ಅಷ್ಟು ಹೊತ್ತಿಗೆ ಮೊದಲ ಯುವಕನಿಂದ ಸೋಂಕು ಪಡೆದವರು ಆಗಲೇ ಮಲಗತೊಡಗಿದ್ದರು. ತನಿಖೆಯ ಪ್ರಕಾರ ಒಟ್ಟು 23 ಮಂದಿಗೆ ಕಾಯಿಲೆ, ಬದುಕುಳಿದವರು ಇಬ್ಬರೇ. ಹೆಚ್ಚಿನವರಿಗೆ ತಗುಲಿದ್ದು ಆಸ್ಪತ್ರೆಗಳಲ್ಲಿ. ಸ್ಕ್ಯಾನಿಂಗ್ ಕಾರಿಡಾರ್‌ನಲ್ಲಿ ಬೇರೆ ಕೆಲಸಕ್ಕೆ ಬಂದು ನಿಂತಿದ್ದವರೂ, ಅವನ ಆರೈಕೆ ಮಾಡಿದ ನರ್ಸ್ ಒಬ್ಬರೂ ಅದರಲ್ಲಿದ್ದರು.

ಮುಂದಿನ ವರ್ಷ, 2019ರಲ್ಲಿ, ಎರ್ನಾಕುಳಂನಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ನಿಫಾ ಬಂತು. ಈ ಸಲ ಬೇಗ ಅನುಮಾನಪಟ್ಟು ಬೇರೆಯಾಗಿ ಇಟ್ಟರು, ಅವನ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ನಿಗಾ ಇಟ್ಟರು. ಅವನಿಂದ ಒಬ್ಬರಿಗೂ ಹರಡಲಿಲ್ಲ, ಅವನೂ ಬದುಕಿದ.

ಈಗ ನಮ್ಮಲ್ಲಿ ಜ್ವರದ ಜೊತೆ ಕೆಮ್ಮು, ಮಾತಿನಲ್ಲಿ ಗೊಂದಲ ಇರುವ ರೋಗಿ ಬಂದರೆ ರಿಪೋರ್ಟ್‌ಗೆ ಕಾಯುವುದಿಲ್ಲ. ಮಾಸ್ಕ್ ತಡೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಅವರ ಮುಖಕ್ಕೆ ಮಾಸ್ಕ್, ಜೊತೆಗೆ ಪ್ರತ್ಯೇಕ ಕೋಣೆ. ಸ್ಕ್ಯಾನ್ ಬೇಕಿದ್ದರೆ ಮೊದಲು ಫೋನ್ ಮಾಡಿ ಕಾರಿಡಾರ್ ಖಾಲಿ ಮಾಡಿಸುತ್ತೇವೆ. ಜೊತೆಗೆ ಒಬ್ಬರೇ, ಅವರಿಗೂ ಮಾಸ್ಕ್ ಮತ್ತು ಗ್ಲೌಸ್. ಕೇಸ್ ಶೀಟಿನಲ್ಲಿ ಬರೆದುಕೊಳ್ಳುವ ಮೊದಲ ಪ್ರಶ್ನೆ: ಮನೆಯಲ್ಲಿ ಅಥವಾ ನೀವು ಈಚೆಗೆ ನೋಡಲು ಹೋದ ಆಸ್ಪತ್ರೆಯಲ್ಲಿ ಇನ್ಯಾರಿಗಾದರೂ ಹೀಗೆಯೇ ಆಗಿತ್ತೇ?